ಪಿಎಸ್ 4ರ ಎಕ್ಸ್‌ಟರ್ನಲ್ ಡಿಸ್ಕ್ ಕೆಟ್ಟಿದೆಯಾ ಅಂತ ನೋಡೋದು ಹೇಗೆ?

ಪ್ರಶ್ನೆ: ಪಿಎಸ್ 4ಗೆ ಹಾಕಿರೋ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಿಂದ ಗೇಮ್ ಲೋಡ್ ಆಗೋಕೆ ಐದು ನಿಮಿಷ ಬೇಕು, ನಡುವೆ CE-34878-0 ಅಂತ ಬಂದು ಹೊರಗೆ ಬಿಸಾಕುತ್ತೆ. ಡಿಸ್ಕ್ ಹೋಗಿದೆಯಾ? ಪುಣೆಯಲ್ಲಿದ್ದೇನೆ, ಲ್ಯಾಪ್‌ಟಾಪ್ ಇದೆ.

ಆ ಎರರ್ ಬಂತು ಅಂದಮಾತ್ರಕ್ಕೆ ಡಿಸ್ಕ್ ಹೋಗಿದೆ ಅಂತ ಅಲ್ಲ. ಗೇಮ್ ಕ್ರ್ಯಾಶ್ ಆಯಿತು ಅಂತಷ್ಟೇ ಅದರ ಅರ್ಥ. ಮೊದಲು ಕಾಟ ಕೊಡುವ ಒಂದೇ ಗೇಮನ್ನು ಒಳಗಿನ ಡಿಸ್ಕ್‌ಗೆ ಮೂವ್ ಮಾಡಿ ಆಡಿ ನೋಡಿ. ಅಲ್ಲಿ ಸರಿಯಾಗಿ ಓಡಿದರೆ ಅನುಮಾನ ಹೊರಗಿನ ಡಿಸ್ಕ್ ಮೇಲೆ. ಮೂವ್ ಆಗುವಾಗಲೇ ಒಂದು ಜಾಗಕ್ಕೆ ಬಂದು ನಿಂತುಬಿಟ್ಟರೆ ಅನುಮಾನ ಇನ್ನೂ ಗಟ್ಟಿ.

ನಾನು ಡೊಂಬಿವಲಿಯಲ್ಲಿರುವುದು. ಹೋದ ವರ್ಷ ಅಕ್ಕನ ಮಗನ ಪಿಎಸ್ 4ಗೂ ಇದೇ ಕಥೆ ಆಗಿತ್ತು. 2 ಟಿಬಿ ಡಿಸ್ಕ್, ಒಂದು ಗೇಮ್ ಮಾತ್ರ ಯಾವಾಗಲೂ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಉಳಿದವು ಚೆನ್ನಾಗಿಯೇ ಇದ್ದವು. ಡಿಸ್ಕನ್ನು ಪಿಎಸ್ 4ರಿಂದ ತೆಗೆದು ಲ್ಯಾಪ್‌ಟಾಪ್‌ಗೆ ಹಾಕಿದೆ. ಇಲ್ಲೊಂದು ಎಚ್ಚರ: ಪಿಎಸ್ 4ರ ಫಾರ್ಮ್ಯಾಟ್ ವಿಂಡೋಸ್‌ಗೆ ಅರ್ಥವಾಗುವುದಿಲ್ಲ, ಹಾಗಾಗಿ ಹಾಕಿದ ತಕ್ಷಣ ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತದೆ. Cancel ಒತ್ತಿ. ಫೈಲ್ ಕಾಣದಿದ್ದರೂ ಡಿಸ್ಕ್‌ನ ಆರೋಗ್ಯದ ಲೆಕ್ಕ ಓದಬಹುದು, ಯಾಕೆಂದರೆ ಅದನ್ನು ಡಿಸ್ಕ್ ತಾನೇ ಬರೆದಿಟ್ಟುಕೊಂಡಿರುತ್ತದೆ.

ಆ ಲೆಕ್ಕ ತೋರಿಸುವ CrystalDiskInfo ಅನ್ನೋ ಪ್ರೋಗ್ರಾಂ ಹಾಕಿ ನೋಡಿದೆ. ಅದರ ಪಟ್ಟಿಯಲ್ಲಿ 05 ಅನ್ನೋ ಸಾಲಲ್ಲಿ ಸೊನ್ನೆ, C5 ಅನ್ನೋ ಸಾಲಲ್ಲಿ 38. ಅಲ್ಲಿ ಕಾಣುವ ಅಂಕಿ ಸಾಮಾನ್ಯವಾಗಿ ಹೆಕ್ಸ್‌ನಲ್ಲಿರುತ್ತದೆ, ಅಂದರೆ 3 ಹದಿನಾರಲೆ 48, ಅದಕ್ಕೆ 8 ಸೇರಿಸಿದರೆ 56. ಅಷ್ಟು ಸೆಕ್ಟರ್‌ಗಳನ್ನು, ಅಂದರೆ ಡಿಸ್ಕ್‌ನ ಪುಟ್ಟ ಪುಟ್ಟ ತುಣುಕುಗಳನ್ನು, ಓದೋಕೆ ಹೋಗಿ ಡಿಸ್ಕ್ ಸೋತಿದೆ, ಆದರೆ ಇನ್ನೂ ಕೈಬಿಟ್ಟಿಲ್ಲ ಅಂತ ಅರ್ಥ. ಗೇಮ್ ಆ ಜಾಗವನ್ನು ಕೇಳಿದಾಗಲೆಲ್ಲ ಡಿಸ್ಕ್ ಮತ್ತೆ ಮತ್ತೆ ಓದಲು ನೋಡುತ್ತದೆ, ಹಲವು ಸೆಕೆಂಡ್ ಹೀಗೇ ಒದ್ದಾಡುತ್ತದೆ, ಅಷ್ಟರಲ್ಲಿ ಗೇಮ್‌ಗೆ ತಾಳ್ಮೆ ಮುಗಿದು ಕ್ರ್ಯಾಶ್. ಒಂದೇ ಗೇಮ್, ಒಂದೇ ಜಾಗ ಯಾಕೆ ಅಂತ ಗೊತ್ತಾಯಿತಲ್ವಾ.

05 ಅಂದರೆ ಡಿಸ್ಕ್ ಕೈಬಿಟ್ಟು, ಬದಲಿ ಜಾಗ ಕೊಟ್ಟ ಸೆಕ್ಟರ್‌ಗಳು. ಆ ಅಂಕಿ ಚಿಕ್ಕದಿದ್ದು ತಿಂಗಳುಗಟ್ಟಲೆ ಹಾಗೇ ನಿಂತಿದ್ದರೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಏರುತ್ತಾ ಹೋದರೆ ಮಾತ್ರ ಹೆದರಬೇಕು.

ಆದರೆ C5 ಸೊನ್ನೆ ಇದೆ ಅಂತ ಡಿಸ್ಕ್‌ಗೆ ಸರ್ಟಿಫಿಕೇಟ್ ಕೊಡಬೇಡಿ. ಇಲ್ಲಿಯವರೆಗೆ ಓದಿ ಸೋತ ಜಾಗ ಮಾತ್ರ ಅದರಲ್ಲಿ ಸೇರುತ್ತದೆ, ಮುಟ್ಟದ ಜಾಗ ಸೇರುವುದಿಲ್ಲ. ಅದಕ್ಕೇ ಪೂರ್ತಿ ಡಿಸ್ಕ್ ಓದಿಸುವ ಟೆಸ್ಟ್ ಬೇಕು. ಲಿನಕ್ಸ್ ಇದ್ದರೆ ಹೀಗೆ, ಮೊದಲು lsblk ಹಾಕಿ sdb ನಿಮ್ಮ ಡಿಸ್ಕೇನಾ ಅಂತ ನೋಡಿಕೊಂಡು:

```
sudo smartctl -d sat -t long /dev/sdb
sudo smartctl -d sat -a /dev/sdb
```

ಮೊದಲನೆಯದು ಟೆಸ್ಟ್ ಶುರು ಮಾಡುತ್ತದೆ, 2 ಟಿಬಿಗೆ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗಿ. ಲ್ಯಾಪ್‌ಟಾಪ್ ಸ್ಲೀಪ್ ಆಗದ ಹಾಗೆ ಮಾಡಿ, ಇಲ್ಲದಿದ್ದರೆ ಟೆಸ್ಟ್ ಅರ್ಧಕ್ಕೇ ನಿಲ್ಲಬಹುದು. ಬೆಳಗ್ಗೆ ಎರಡನೆಯದು ಹಾಕಿ. read failure ಅಂತಿದ್ದರೆ ತೀರ್ಮಾನ ಆದಂತೆ.

ನಮ್ಮದರಲ್ಲಿ ಹಾಗೇ ಬಂತು. ಆದರೂ ಆಸೆ ಬಿಡದೆ ವಿಂಡೋಸ್‌ನಲ್ಲಿ ಕ್ವಿಕ್ ಅಲ್ಲದ, ಪೂರ್ತಿ ಫಾರ್ಮ್ಯಾಟ್ ಮಾಡಿದೆ. ಅದು ಇಡೀ ಡಿಸ್ಕ್‌ಗೆ ಸೊನ್ನೆ ಬರೆಯುತ್ತದೆ, ಬರೆಯುವಾಗ ಆ ಸೆಕ್ಟರ್ ಸರಿಹೋದರೆ ಸರಿ, ಇಲ್ಲದಿದ್ದರೆ ಬದಲಿ ಜಾಗ. C5 ಸೊನ್ನೆಗೆ ಇಳಿಯಿತು. ಮೂರು ವಾರಕ್ಕೆ ಮತ್ತೆ 10 ತೋರಿಸಿತು, ಅಂದರೆ 16. ಆವಾಗ ಬಿಟ್ಟೆ. ಅವನ ಸೇವ್‌ಗಳೇನೂ ಹೋಗಲಿಲ್ಲ, ಪಿಎಸ್ 4 ಸೇವ್‌ಗಳನ್ನು ಒಳಗಿನ ಡಿಸ್ಕ್‌ನಲ್ಲೇ ಇಡುತ್ತದೆ. ಗೇಮ್ ಮತ್ತೆ ಡೌನ್‌ಲೋಡ್ ಮಾಡಿದ್ದಷ್ಟೇ ತಲೆನೋವು.

ಕೇಬಲ್ ವಿಷಯ. C7 ಏರಿದರೆ ಯುಎಸ್‌ಬಿ ಕೇಬಲ್ ಕೆಟ್ಟಿದೆ ಅಂತ ತುಂಬಾ ಜನ ಹೇಳುತ್ತಾರೆ. ಅದು ಡಬ್ಬಿಯೊಳಗೆ ಡಿಸ್ಕ್‌ಗೂ ಅಡಾಪ್ಟರ್ ಬೋರ್ಡ್‌ಗೂ ನಡುವಿನ ತಪ್ಪುಗಳ ಲೆಕ್ಕ, ಹೊರಗಿನ ಕೇಬಲ್ ಅದರಲ್ಲಿ ಕಾಣುವುದಿಲ್ಲ. ಹಾಗಾಗಿ ಈ ಮೂರು ಅಂಕಿಗಳೂ ಸೊನ್ನೆ ಇದ್ದು ತೊಂದರೆ ಇದ್ದರೆ ಬೇರೆ ಕೇಬಲ್, ಬೇರೆ ಪೋರ್ಟ್ ಹಾಕಿ ನೋಡಿ. ಹಬ್ ಇದ್ದರೆ ತೆಗೆದು ನೇರ ಕನ್ಸೋಲ್‌ಗೆ ಚುಚ್ಚಿ.

ಒಳಗಿನ ಡಿಸ್ಕ್‌ನಲ್ಲೂ ಗೇಮ್ ನಿಧಾನ ಅಂದರೆ, ಕನ್ಸೋಲ್ ಆಫ್ ಇರುವಾಗ ಪವರ್ ಬಟನ್ ಎರಡನೇ ಬೀಪ್‌ವರೆಗೆ ಒತ್ತಿಹಿಡಿದು ಸೇಫ್ ಮೋಡ್‌ಗೆ ಹೋಗಿ Rebuild Database ಮಾಡಿ. ಅದು ಪಟ್ಟಿ ಸರಿಮಾಡುತ್ತದೆ, ಕೆಟ್ಟ ಸೆಕ್ಟರ್ ಸರಿಮಾಡುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ಒಳಗಿನ ಎರಡೂವರೆ ಇಂಚಿನ ಸಾಟಾ ಡಿಸ್ಕ್ ಹೊರತೆಗೆದು ಯುಎಸ್‌ಬಿ ಅಡಾಪ್ಟರ್‌ನಲ್ಲಿ ಹಾಕಿ ಇದೇ ಪರೀಕ್ಷೆ ಮಾಡಬಹುದು. ನಾನು ಅಡಾಪ್ಟರ್ ತಂದಿದ್ದು ಮುಂಬೈನ ಲ್ಯಾಮಿಂಗ್ಟನ್ ರೋಡಿನಿಂದ, ನಿಮಗೆ ಪುಣೆಯ ತಪಕೀರ್ ಗಲ್ಲಿ ಹತ್ತಿರ ಆಗಬಹುದು.