ಟಿವಿ ಹಿಂದಿನ ನಾಲ್ಕು ಎಚ್‌ಡಿಎಂಐ ಪೋರ್ಟ್‌: ಯಾವುದಕ್ಕೆ ಏನು ಹಾಕೋದು?

ಪ್ರಶ್ನೆ: "ಹೊಸ ಟಿವಿಗೆ ನಾಲ್ಕು ಎಚ್‌ಡಿಎಂಐ ಇದೆ. 3ರ ಪಕ್ಕ eARC/ARC ಮತ್ತು 4K 120Hz, 4ರ ಪಕ್ಕ ಬರೀ 4K 120Hz ಅಂತ ಇದೆ. 1, 2ರ ಹತ್ತಿರ ಏನೂ ಬರೆದಿಲ್ಲ. ನನ್ನ ಹತ್ರ ಸೆಟ್‌ಟಾಪ್ ಬಾಕ್ಸ್, ಪ್ಲೇಸ್ಟೇಷನ್ 5, ಸೌಂಡ್‌ಬಾರ್, ಆಗೀಗ ಒಂದು ಲ್ಯಾಪ್‌ಟಾಪ್. ಎಲ್ಲಿ ಹಾಕಿದ್ರೂ ಚಿತ್ರ ಬರ್ತಿದೆ, ಹಾಗಿದ್ರೆ ವ್ಯತ್ಯಾಸ ಏನು?"

ಮೊದಲ ಉತ್ತರ: ಎಲ್ಲಾ ಒಂದೇ ರೀ. ಒಳ್ಳೆ 2.1 ಕೇಬಲ್ ತಗೊಳ್ಳಿ, ಯಾವುದಕ್ಕೆ ಚುಚ್ಚಿದ್ರೂ 120 ಬರುತ್ತೆ.

ಎರಡನೇ ಉತ್ತರ:

ಕೇಬಲ್ ಬಗ್ಗೆ ಮೇಲೆ ಹೇಳಿದ್ದು ಅರ್ಧ ಸರಿ. 120ಕ್ಕೆ ಒಳ್ಳೆ ಕೇಬಲ್ ಬೇಕೇ ಬೇಕು. ಆದರೆ ಕೇಬಲ್ ಎಷ್ಟೇ ಚೆನ್ನಾಗಿದ್ದರೂ ಪೋರ್ಟಿನ ಮಿತಿ ದಾಟೋಕೆ ಆಗಲ್ಲ. ಹೀಗೆ ಎರಡು ಪೋರ್ಟಿಗೆ ಮಾತ್ರ 120 ಎಂದು ಬರೆದ ಟಿವಿಗಳಲ್ಲಿ 1, 2 ಸಾಮಾನ್ಯವಾಗಿ ಸೆಕೆಂಡಿಗೆ 18 ಗಿಗಾಬಿಟ್ ತನಕ ಮಾತ್ರ ತಗೊಳ್ಳುತ್ತವೆ. 4ಕೆ ಚಿತ್ರ ಸೆಕೆಂಡಿಗೆ 60 ಸಲ ಬರೋದಕ್ಕೆ ಅಷ್ಟು ಸಾಕು, 120 ಸಲ ಬರೋದಕ್ಕೆ ಸಾಲದು. ಎಲ್ಲ ಕಡೆ ಚಿತ್ರ ಬರ್ತಿರೋದಕ್ಕೂ ಇದೇ ಕಾರಣ: ಟಿವಿ ತನಗೆ ಎಷ್ಟು ಆಗುತ್ತೆ ಅಂತ ಆ ಸಾಧನಕ್ಕೆ ತಿಳಿಸುತ್ತೆ, ಸಾಧನ ಸುಮ್ಮನೆ ಅಷ್ಟಕ್ಕೆ ಇಳಿಯುತ್ತೆ. ಪರದೆ ಮೇಲೆ ಯಾವ ಎಚ್ಚರಿಕೆಯೂ ಬರಲ್ಲ. ಡಬ್ಬದ ಮೇಲೆ HDMI 2.1 ಅಂತ ಇದ್ದರೂ ಅದು ಎಲ್ಲ ಪೋರ್ಟಿಗೂ ಅನ್ವಯಿಸುತ್ತೆ ಅಂತ ನಂಬಬೇಡಿ. ಆ ಹೆಸರಿನಡಿ ಬರುವ ಸೌಲಭ್ಯಗಳಲ್ಲಿ ಬಹುತೇಕ ಕಡ್ಡಾಯವಲ್ಲ. ಪೋರ್ಟ್ ಪಕ್ಕದ ಬರಹ, ಇಲ್ಲಾ ಮ್ಯಾನುಯಲ್, ಇವೆರಡನ್ನೇ ನಂಬಿ.

ಇನ್ನು 3ನೇ ಪೋರ್ಟ್. ಉಳಿದ ಮೂರರಲ್ಲಿ ಶಬ್ದ ಸಾಧನದಿಂದ ಟಿವಿಗೆ ಬರುತ್ತೆ ಅಷ್ಟೇ. ಇದರಲ್ಲಿ ಮಾತ್ರ ಟಿವಿಯಿಂದ ಹೊರಗೂ ಹೋಗುತ್ತೆ. ಸೆಟ್‌ಟಾಪ್ ಬಾಕ್ಸಿನದ್ದಾಗಲಿ, ಟಿವಿ ಒಳಗಿನ ಆ್ಯಪ್‌ಗಳದ್ದಾಗಲಿ, ಶಬ್ದ ಟಿವಿಗೆ ಬಂದು ಈ ಒಂದೇ ತಂತಿಯಲ್ಲಿ ಸೌಂಡ್‌ಬಾರಿಗೆ ಹೋಗುತ್ತೆ. ಹಾಗಾಗಿ ಸೌಂಡ್‌ಬಾರಿಗೆ ಬೇರೆ ಆಯ್ಕೆ ಇಲ್ಲ, ಅದು 3ಕ್ಕೇ ಹೋಗಬೇಕು. ಇಲ್ಲೇ ನಿಮ್ಮ ಟಿವಿಯ ಇಕ್ಕಟ್ಟು ಕೂಡ ಇರೋದು. 120ರ ಪೋರ್ಟ್ ಎರಡಿವೆ ಅನ್ನಿಸುತ್ತೆ, ಸೌಂಡ್‌ಬಾರ್ ಹಾಕಿದ ಕೂಡಲೇ ಉಳಿಯೋದು ಒಂದೇ. ಆ 4 ಪ್ಲೇಸ್ಟೇಷನ್‌ಗೆ. ಸೆಟ್‌ಟಾಪ್ ಬಾಕ್ಸ್ 1ಕ್ಕೆ, ಲ್ಯಾಪ್‌ಟಾಪ್ 2ಕ್ಕೆ. ಬಾಕ್ಸ್ ಕಳಿಸೋ ಚಿತ್ರಕ್ಕೆ ಯಾವ ಪೋರ್ಟ್ ಆದರೂ ಸಾಕು, ಅದಕ್ಕೆ ಒಳ್ಳೆಯದನ್ನು ವ್ಯರ್ಥ ಮಾಡಬೇಡಿ.

ಕೆಲವರು ಪ್ಲೇಸ್ಟೇಷನ್ ಅನ್ನು ಸೌಂಡ್‌ಬಾರಿಗೆ ಹಾಕಿ, ಅಲ್ಲಿಂದ ಟಿವಿಗೆ ಒಂದೇ ತಂತಿ ಎಳೀತಾರೆ. ಎಷ್ಟೋ ಸೌಂಡ್‌ಬಾರ್‌ಗಳು ತಮ್ಮ ಮೂಲಕ 4ಕೆ 60ರ ತನಕ ಮಾತ್ರ ದಾಟಿಸುತ್ತವೆ, 120 ಅಲ್ಲೇ ನಿಂತುಹೋಗುತ್ತೆ. ಆಟದ ಯಂತ್ರ ನೇರ ಟಿವಿಗೇ ಇರಲಿ.

ತಂತಿ ಹಾಕಿದ ಮೇಲೆ ಅರ್ಧ ಕೆಲಸ ಸೆಟ್ಟಿಂಗ್‌ನಲ್ಲಿದೆ. ಬಹಳ ಟಿವಿಗಳು ಹೊಸದಾಗಿ ಬಂದಾಗ ಪೋರ್ಟ್‌ಗಳನ್ನು ಹಳೆಯ ಸಾಧನಗಳಿಗೂ ಹೊಂದುವಂಥ ಸಾದಾ ಮಟ್ಟದಲ್ಲಿ ಇಟ್ಟಿರುತ್ತವೆ. ಇದರ ಹೆಸರು ಕಂಪನಿಗೊಂದು: HDMI signal format, Input Signal Plus, HDMI Deep Color ಹೀಗೆ. ಪ್ರತಿ ಪೋರ್ಟಿಗೂ ಬೇರೆ ಬೇರೆಯಾಗಿ ಬದಲಿಸಬಹುದು. 4ನೇ ಪೋರ್ಟಿಗೆ ಅಲ್ಲಿರುವ ಅತಿ ಮೇಲಿನ ಮಟ್ಟ ಕೊಡಿ. 1ನೇ ಪೋರ್ಟನ್ನು ಮುಟ್ಟಬೇಡಿ, ಕೆಲವು ಹಳೆ ಬಾಕ್ಸ್‌ಗಳು ಮೇಲಿನ ಮಟ್ಟದಲ್ಲಿ ಚಿತ್ರ ತೋರಿಸದೆ ಕಪ್ಪಾಗಿಬಿಡ್ತವೆ.

ಸರಿಯಾಯ್ತೋ ಇಲ್ವೋ ಅಂತ ಊಹಿಸಬೇಡಿ, ನೋಡಿ. ಪ್ಲೇಸ್ಟೇಷನ್‌ನಲ್ಲಿ Settings, Screen and Video, Video Output, Video Output Information ತೆರೆದರೆ ಟಿವಿ ಏನೇನು ತಗೊಳ್ಳುತ್ತೆ ಅಂತ ಪಟ್ಟಿ ಇರುತ್ತೆ. ಅದರಲ್ಲಿ 120 ಇದ್ದರೆ ಪೋರ್ಟ್, ಸೆಟ್ಟಿಂಗ್ ಎರಡೂ ಸರಿ. ಈಗ ಹೋಗ್ತಿರೋದು 60 ಅಂತ ಇದ್ದರೆ ಹೆದರಬೇಡಿ, 120 ಬಳಸೋ ಆಟ ಓಡುವಾಗಲೇ ಅದು ಏರೋದು. ಪಟ್ಟಿಯಲ್ಲೇ 120 ಇಲ್ಲದಿದ್ದರೆ ಪೋರ್ಟ್ ತಪ್ಪಿದೆ ಅಥವಾ ಮೇಲಿನ ಸೆಟ್ಟಿಂಗ್ ಬಾಕಿ ಇದೆ.

ಪಟ್ಟಿಯಲ್ಲಿ 120 ಇದ್ದು, ಆಟ ಶುರುವಾದ ಮೇಲೆ ಪರದೆ ಒಂದೆರಡು ಸೆಕೆಂಡ್ ಕಪ್ಪಾಗೋದು, ಬಿಳಿ ಚುಕ್ಕಿಗಳು ಮಿನುಗೋದು ಆದರೆ ಮಾತ್ರ ಕೇಬಲ್ ಮೇಲೆ ಅನುಮಾನ ಪಡಿ. 120 ಆಫ್ ಮಾಡಿ ನೋಡಿ, ತೊಂದರೆ ಹೋದರೆ ಬಹುಮಟ್ಟಿಗೆ ಕೇಬಲ್ಲೇ. ಪ್ಲೇಸ್ಟೇಷನ್ ಜೊತೆ ಬಂದ ಕೇಬಲ್ ಇದಕ್ಕೆ ಸಾಕು. ಕೊಳ್ಳಲೇಬೇಕಾದರೆ Ultra High Speed ಎಂಬ ಲೇಬಲ್ ಇರೋದನ್ನು ತಗೊಳ್ಳಿ, ಮೂರು ಮೀಟರ್ ಒಳಗಿರಲಿ. ಸೆಟ್‌ಟಾಪ್ ಬಾಕ್ಸಿಗೂ ಲ್ಯಾಪ್‌ಟಾಪಿಗೂ ಮನೆಯಲ್ಲಿರೋ ಯಾವ ಕೇಬಲ್ ಆದರೂ ನಡೆಯುತ್ತೆ.

ಸೌಂಡ್‌ಬಾರ್ ಮಾತಾಡಲ್ಲ ಅಂತ ಬರೋ ದೂರುಗಳಲ್ಲಿ ಮೊದಲು ನೋಡಬೇಕಾದದ್ದು ಸೌಂಡ್‌ಬಾರಿನ ತುದಿ. ಅದಕ್ಕೂ ಎರಡು ರಂಧ್ರ ಇರಬಹುದು. ತಂತಿ HDMI OUT ಅಥವಾ TV ARC ಎಂದು ಬರೆದದ್ದಕ್ಕೆ ಹೋಗಬೇಕು. IN ಗೆ ಹಾಕಿದರೆ ಟಿವಿ ಶಬ್ದ ಎಂದೂ ಬರಲ್ಲ. ಆಮೇಲೆ ಟಿವಿಯಲ್ಲಿ ಎಚ್‌ಡಿಎಂಐ ನಿಯಂತ್ರಣ ಆನ್ ಮಾಡಿ (ಮೆನುವಿನಲ್ಲಿ CEC ಅಂತಲೋ ಕಂಪನಿಯ ಸ್ವಂತ ಹೆಸರಲ್ಲೋ ಇರುತ್ತೆ), ಶಬ್ದ ಹೊರಹೋಗೋದನ್ನು ಸೌಂಡ್‌ಬಾರಿಗೆ ತಿರುಗಿಸಿ, eARC ಇದ್ದರೆ Auto ಇಡಿ. ಡಿಜಿಟಲ್ ಶಬ್ದವನ್ನು PCM ಬದಲು Auto ಅಥವಾ Pass Through ಗೆ ಬದಲಿಸಿ. ಸಾದಾ ARC ಸೌಂಡ್‌ಬಾರಿಗೆ PCM ಇಟ್ಟರೆ ಎರಡೇ ಚಾನೆಲ್ ಹೋಗುತ್ತೆ, ಹಿಂದಿನ ಸ್ಪೀಕರ್‌ಗಳಿಗೆ ಅವುಗಳ ಪಾಲಿನ ಶಬ್ದ ಸಿಗಲ್ಲ. ಎಲ್ಲ ಸರಿ ಇದ್ದೂ ಮೌನವಾಗಿದ್ದರೆ ಟಿವಿ, ಸೌಂಡ್‌ಬಾರ್ ಎರಡರ ಪ್ಲಗ್ಗನ್ನೂ ಗೋಡೆಯಿಂದಲೇ ಕಿತ್ತು ಒಂದೆರಡು ನಿಮಿಷ ಬಿಟ್ಟು ಹಾಕಿ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು.

ಲ್ಯಾಪ್‌ಟಾಪ್ ಬಗ್ಗೆ ಒಂದೇ ಮಾತು: ಅಕ್ಷರಗಳ ಅಂಚು ಬಣ್ಣ ಕಲಸಿದಂತೆ ಮಸುಕಾಗಿ ಕಂಡರೆ ಪೋರ್ಟ್ ಬದಲಿಸುವ ಮುಂಚೆ ಟಿವಿಯಲ್ಲಿ ಆ ಇನ್‌ಪುಟ್‌ಗೆ PC ಅನ್ನೋ ಹೆಸರು ಕೊಡಿ. ಕೆಲವು ಟಿವಿಗಳು ಆ ಹೆಸರು ನೋಡಿಯೇ ಚಿತ್ರ ತಿದ್ದೋದನ್ನು ನಿಲ್ಲಿಸ್ತವೆ.

ಮೂರನೇ ಉತ್ತರ: ನನ್ನದು ಹಳೆ 32 ಇಂಚು, ಲ್ಯಾಪ್‌ಟಾಪ್ ಹಾಕಿದ್ರೆ ಚಿತ್ರ ಬರುತ್ತೆ, ಶಬ್ದ ಲ್ಯಾಪ್‌ಟಾಪಲ್ಲೇ ಕೇಳುತ್ತೆ. ARC ಪೋರ್ಟ್‌ಗೆ ಹಾಕಬೇಕಾ?

ಎರಡನೇ ಉತ್ತರ ಬರೆದವರು: ಬೇಡ ಸರ್, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಟಿವಿಗೆ ಶಬ್ದ ಯಾವ ಎಚ್‌ಡಿಎಂಐನಲ್ಲಾದರೂ ಬರುತ್ತೆ. ಲ್ಯಾಪ್‌ಟಾಪಿನ ಸ್ಪೀಕರ್ ಗುರುತು ಒತ್ತಿ, ಔಟ್‌ಪುಟ್ ಪಟ್ಟಿಯಲ್ಲಿ ಟಿವಿ ಹೆಸರು ಆರಿಸಿ.

ಪ್ರಶ್ನೆ ಕೇಳಿದವರು: 4ಕ್ಕೆ ಹಾಕಿ ಸೆಟ್ಟಿಂಗ್ ಬದಲಿಸಿದೆ, ಪಟ್ಟಿಯಲ್ಲಿ 120 ಬಂತು! ಮುಂದೆ ಗೇಮಿಂಗ್ ಪಿಸಿ ಕೂಡ ತರೋ ಯೋಚನೆ ಇದೆ. ಆಗ ಸೌಂಡ್‌ಬಾರನ್ನ ಆಪ್ಟಿಕಲ್ ತಂತಿಗೆ ಹಾಕಿ 3 ಖಾಲಿ ಮಾಡ್ಕೊಳ್ಳಲಾ?

ಮೊದಲ ಉತ್ತರ ಬರೆದವರು: ಮಾಡ್ಕೊಳ್ಳಿ, ಆಪ್ಟಿಕಲ್‌ನಲ್ಲೂ 5.1 ಬರುತ್ತೆ.

ಎರಡನೇ ಉತ್ತರ ಬರೆದವರು: 5.1 ಬರುತ್ತೆ, ನಿಜ. ಆದರೆ ಆಪ್ಟಿಕಲ್‌ನಲ್ಲಿ ಅಟ್ಮಾಸ್ ಹೋಗಲ್ಲ, ಟಿವಿ ರಿಮೋಟಿನಿಂದ ಸೌಂಡ್‌ಬಾರಿನ ವಾಲ್ಯೂಮ್ ಏರಿಸೋದೂ ಬಹಳ ಸಲ ಕೈತಪ್ಪುತ್ತೆ. ನಾನಾದರೆ ಸೌಂಡ್‌ಬಾರನ್ನ 3ರಲ್ಲೇ ಬಿಟ್ಟು, ಪಿಸಿಯನ್ನ 2ಕ್ಕೆ ಹಾಕಿ 1440p 120 ಸಿಗುತ್ತಾ ಅಂತ ಮೊದಲು ನೋಡ್ತೀನಿ. ಅಷ್ಟು 18 ಗಿಗಾಬಿಟ್‌ನೊಳಗೆ ಹಿಡಿಯುತ್ತೆ, ಆದರೆ ಎಲ್ಲ ಟಿವಿಗಳೂ ಅದನ್ನು ಒಪ್ಪಲ್ಲ. ನಿಮ್ಮ ಟಿವಿಯ ಮಾಡೆಲ್ ನಂಬರ್ ಹಾಕಿ, ಅದೇ ಟಿವಿ ಇರೋರು ಯಾರಾದರೂ ಇದ್ದರೆ ಹೇಳ್ತಾರೆ.