ಫೋನೇ ಪುಸ್ತಕವಾದರೆ ಯಾವ ಲಾಕ್ ಆ್ಯಪೂ ಕೆಲಸ ಮಾಡುವುದಿಲ್ಲ

ಪ್ರಶ್ನೆ: ಎಂಬಿಬಿಎಸ್ ಮೊದಲ ವರ್ಷ, ಹಾಸ್ಟೆಲಿನಲ್ಲಿದ್ದೇನೆ. ರಾತ್ರಿ ನಾಲ್ಕು ಗಂಟೆ ಒಂದೇ ಸಮನೆ ಓದಬೇಕೆಂದು ಕೂತರೆ ಇನ್‌ಸ್ಟಾಗ್ರಾಂ, ವಾಟ್ಸಾಪ್ ಬಿಡುವುದಿಲ್ಲ. ಯಾವ ಲಾಕ್ ಆ್ಯಪ್ ಒಳ್ಳೆಯದು?

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವನು, ಹತ್ತನೆಯವರೆಗೆ ಕನ್ನಡ ಮಾಧ್ಯಮ. ಹಾಸ್ಟೆಲಿಗೆ ಸೇರಿದ ಕೆಲವೇ ವಾರಗಳಲ್ಲಿ ಇನ್‌ಸ್ಟಾಗ್ರಾಂ ತೆಗೆದೇ ಹಾಕಿದೆ, ಲಾಕ್ ಆ್ಯಪೂ ಹಾಕಿಕೊಂಡೆ. ಇನ್ನು ಓದು ಸಾಗುತ್ತದೆ ಅಂದುಕೊಂಡಿದ್ದೆ. ಸಾಗಲಿಲ್ಲ. ಯಾಕೆಂದರೆ ಓದಬೇಕಾದದ್ದೆಲ್ಲ ಫೋನಿನಲ್ಲೇ ಇತ್ತು. ಸೀನಿಯರ್‌ಗಳ ನೋಟ್ಸ್ ಟೆಲಿಗ್ರಾಮಿನಲ್ಲಿ, ಅನಾಟಮಿ ಚಿತ್ರಗಳು ಗೂಗಲ್ಲಿನಲ್ಲಿ, ಇಂಗ್ಲಿಷ್ ಶಬ್ದಕ್ಕೆ ನಿಘಂಟು ಅದರಲ್ಲೇ, ಟೈಮರ್ ಅದರಲ್ಲೇ, ಬೆಳಗ್ಗೆ ಏಳುವ ಅಲಾರಂ ಕೂಡ ಅದರಲ್ಲೇ. ಲಾಕ್ ಆ್ಯಪ್ ಇನ್‌ಸ್ಟಾಗ್ರಾಂಗೆ ಬೀಗ ಹಾಕಿತ್ತು, ಫೋನಿಗಲ್ಲ.

ಒಂದು ರಾತ್ರಿ ಹೇಗೆ ಹೋಗುತ್ತಿತ್ತು ಅಂತ ಹೇಳುತ್ತೇನೆ, ನಿಮ್ಮದೂ ಹೀಗೆಯೇ ಉಂಟಾ ನೋಡಿಕೊಳ್ಳಿ. ಬ್ರೇಕಿಯಲ್ ಪ್ಲೆಕ್ಸಸ್ ತೆಗೆದು ಕೂತಿದ್ದೇನೆ. ಐದು ಬೇರು, ಮೂರು ಟ್ರಂಕ್, ಆರು ಡಿವಿಜನ್, ಮೂರು ಕಾರ್ಡ್, ಕೊನೆಗೆ ನರಗಳು. ಸುಪ್ರಾಸ್ಕ್ಯಾಪುಲರ್ ನರ ಎಲ್ಲಿಂದ ಹೊರಡುತ್ತದೆ ಎಂಬಲ್ಲಿ ಸಂಶಯ ಬಂತು. ಫೋನ್ ತೆಗೆದೆ. ಚಿತ್ರ ಹುಡುಕುವ ಮೊದಲೇ ಮೇಲೆ ಬ್ಯಾಚ್ ಗ್ರೂಪಿನ ಸಂದೇಶ. ನಾಳೆಯ ಡಿಸೆಕ್ಷನ್ ಸಮಯ ಬದಲಾಗಿದೆಯೋ ಏನೋ ಎಂಬ ಭಯಕ್ಕೆ ಅದನ್ನು ತೆರೆಯಲೇಬೇಕು. ನಮ್ಮ ಗ್ರೂಪಿನಲ್ಲಿ ಎಲ್ಲ ಮಲಯಾಳಂ, ಅದೂ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ್ದು. ಮಾತಾಡಿದರೆ ನನಗೆ ಅರ್ಥವಾಗುತ್ತದೆ, ಓದುವುದು ನಿಧಾನ. ಕೀಟಲೆ ಎಲ್ಲಿ ಮುಗಿಯಿತು, ನೋಟೀಸು ಎಲ್ಲಿ ಶುರುವಾಯಿತು ಎಂದು ತಿಳಿಯಲು ಉದ್ದಕ್ಕೂ ಓದಿಯೇ ಆಗಬೇಕು. ಕೊನೆಗೆ ಚಿತ್ರ ಸಿಗುತ್ತಿತ್ತು, ನೋಡುತ್ತಿದ್ದೆ, "ಹೌದು, ಅಪ್ಪರ್ ಟ್ರಂಕಿನಿಂದ" ಅನ್ನಿಸುತ್ತಿತ್ತು. ಪುಸ್ತಕಕ್ಕೆ ಮರಳಿದರೆ ಯಾವ ಸಾಲಿನಲ್ಲಿದ್ದೆ ಎಂಬುದೇ ಮರೆತಿರುತ್ತಿತ್ತು.

ಇಲ್ಲಿ ನಾನು ಮಾಡಿದ ತಪ್ಪು ಸಮಯ ಕಳೆದದ್ದು ಮಾತ್ರ ಎಂದು ತುಂಬ ದಿನ ಅಂದುಕೊಂಡಿದ್ದೆ. ಹಾಗಲ್ಲ. ಸಂಶಯ ಬಂದ ಆ ಕ್ಷಣದಲ್ಲಿ ತಲೆ ಕೆದಕಿ ಉತ್ತರ ಹೊರತೆಗೆಯಬೇಕಿತ್ತು. ತಪ್ಪಾದರೂ ಸರಿ, ಕಾಗದದ ಮೇಲೆ ಗೆರೆ ಎಳೆಯಬೇಕಿತ್ತು. ನೆನಪು ಗಟ್ಟಿಯಾಗುವುದು ಆ ತಿಣುಕಾಟದಲ್ಲೇ. ನಾನು ಪ್ರತಿ ಸಲವೂ ಫೋನಿಗೆ ಕೈ ಹಾಕಿ ಅದನ್ನು ತಪ್ಪಿಸಿಕೊಂಡೆ. ನೋಡಿದ ಚಿತ್ರ ಗುರುತು ಸಿಗುವುದು ಬೇರೆ, ಕಣ್ಣ ಮುಂದೆ ಏನೂ ಇಲ್ಲದಾಗ ಹೇಳಲು ಬರುವುದು ಬೇರೆ. ಗುರುತು ಸಿಕ್ಕಿದ್ದನ್ನೇ ನಾನು ಕಲಿತದ್ದು ಅಂತ ಲೆಕ್ಕ ಹಿಡಿದೆ.

ಅದರ ಫಲ ವೈವಾದಲ್ಲಿ ಬಂತು. ಪರೀಕ್ಷಕರು ಕೇಳಿದ್ದು ಸಾದಾ ಪ್ರಶ್ನೆ: ಬೈಕಿನಿಂದ ಭುಜದ ಮೇಲೆ ಬಿದ್ದವನ ಕೈ ಹೇಗೆ ನೇತಾಡುತ್ತದೆ, ಯಾಕೆ? ಅರ್ಬ್ಸ್ ಪಾಲ್ಸಿ, ಸಿ5 ಸಿ6 ಎಂದು ಹೇಳಿದೆ. ಮುಂದೆ ಹೋಗಲಿಲ್ಲ. ಡೆಲ್ಟಾಯ್ಡ್ ಸೋತದ್ದರಿಂದ ತೋಳು ಮೈಗೆ ಅಂಟಿ ನಿಲ್ಲುತ್ತದೆ, ಬೈಸೆಪ್ಸ್ ಸೋತದ್ದರಿಂದ ಮೊಣಕೈ ಮಡಚುವುದಿಲ್ಲ, ಅಂಗೈ ಹಿಂದಕ್ಕೆ ತಿರುಗುತ್ತದೆ. ಒಂದೊಂದು ಸ್ನಾಯುವಿನಿಂದ ಒಂದೊಂದು ಲಕ್ಷಣಕ್ಕೆ ಹೋಗುವ ಈ ದಾರಿ ನನ್ನಲ್ಲಿ ಇರಲೇ ಇಲ್ಲ. ಆ ಪುಟವನ್ನು ಅದೆಷ್ಟು ರಾತ್ರಿ ತಿರುವಿದ್ದೆನೋ. ಅನಾಟಮಿಯಲ್ಲಿ ಫೇಲಾಗಿ ಸಪ್ಲಿಮೆಂಟರಿ ಬರೆದೆ.

ಆ ಮೇಲೆ ಫೋನಿನ Digital Wellbeing ತೆರೆದು ನೋಡಿದೆ. ಎಲ್ಲರೂ ಅಲ್ಲಿ ಎಷ್ಟು ಗಂಟೆ ಎಂದು ನೋಡುತ್ತಾರೆ. ನೀವು Unlocks ನೋಡಿ. ನನ್ನ ಗಂಟೆಗಳ ಲೆಕ್ಕ ಸಾಧಾರಣವಾಗಿತ್ತು, ಆದರೆ ಫೋನ್ ತೆರೆದ ಸಲಗಳು ದಿನಕ್ಕೆ ನೂರು ದಾಟಿದ್ದವು. ಓದು ತುಂಡಾದದ್ದು ಎಷ್ಟು ಸಲ ಎಂಬುದಕ್ಕೆ ಅದೇ ಸಾಕ್ಷಿ.

ಹಾಗಾಗಿ ಯಾವ ಲಾಕ್ ಆ್ಯಪ್ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೀವೇ ಹಾಕಿದ ಬೀಗ ನೀವೇ ತೆಗೆಯುತ್ತೀರಿ, ಎರಡು ಸಲ ಒತ್ತಿದರೆ ಆಯಿತು. ಫೋನ್ ರೂಮಿನ ಕಪಾಟಿನಲ್ಲಿ ಬೀಗದೊಳಗೆ ಇರಲಿ, ನೀವು ರೀಡಿಂಗ್ ಹಾಲಿನಲ್ಲಿರಿ. ಮೆಟ್ಟಿಲು ಹತ್ತಿ ಹೋಗಿ ತರಬೇಕಾದರೆ ಅರ್ಧ ಆಸೆ ಅಲ್ಲೇ ಹೋಗುತ್ತದೆ. ಮೇಜಿನ ಮೇಲೆ ಕವುಚಿ ಇಡುವುದು ನನಗೆ ಉಪಯೋಗವಾಗಲಿಲ್ಲ. ಕೈಗೆಟಕುವಂತಿದ್ದರೆ ಮನಸ್ಸಿನ ಒಂದು ಮೂಲೆ ಅಲ್ಲೇ ಇರುತ್ತದೆ.

ಫೋನ್ ಮಾಡುತ್ತಿದ್ದ ಕೆಲಸಗಳಿಗೆ ಬೇರೆ ವ್ಯವಸ್ಥೆ ಬೇಕು, ಇಲ್ಲದಿದ್ದರೆ ಮೂರನೇ ದಿನ ಅದು ಮೇಜಿಗೆ ವಾಪಸ್. ಕಾಸರಗೋಡು ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಸಾದಾ ಅಲಾರಂ ಗಡಿಯಾರ ತೆಗೆದುಕೊಂಡೆ. ಆ ವಾರದ ನೋಟ್ಸ್ ಮಾತ್ರ ಪ್ರಿಂಟ್ ತೆಗೆಸುತ್ತಿದ್ದೆ, ಅಟ್ಲಾಸ್ ಲೈಬ್ರರಿಯದ್ದು. ಎಲ್ಲಕ್ಕಿಂತ ಉಪಕಾರವಾದದ್ದು ಸಂಶಯದ ಚೀಟಿ. ಓದುವಾಗ ಏಳುವ ಪ್ರಶ್ನೆಯನ್ನು ಒಂದು ಕಾಗದದಲ್ಲಿ ಬರೆದು, ಪಕ್ಕದಲ್ಲೇ ನನ್ನ ಊಹೆಯನ್ನೂ ಬರೆದು ಮುಂದೆ ಹೋಗುವುದು. "ಸುಪ್ರಾಸ್ಕ್ಯಾಪುಲರ್ – ಅಪ್ಪರ್ ಟ್ರಂಕ್?" ಇಷ್ಟೇ. ಕೊನೆಗೆ ರೂಮಿಗೆ ಹೋಗಿ ಚೀಟಿ ಹಿಡಿದುಕೊಂಡೇ ಫೋನ್ ತೆರೆಯುವುದು, ಚೀಟಿಯಲ್ಲಿದ್ದದ್ದು ಮಾತ್ರ ಹುಡುಕುವುದು. ಅರ್ಧದಷ್ಟು ಸಂಶಯ ಅಷ್ಟರಲ್ಲಿ ಮುಂದಿನ ಪುಟದಲ್ಲೇ ಬಗೆಹರಿದಿರುತ್ತದೆ. ಊಹೆ ತಪ್ಪಾಗಿದ್ದರೆ ಇನ್ನೂ ಒಳ್ಳೆಯದು, ತಿದ್ದಿದ್ದು ಮರೆಯುವುದಿಲ್ಲ.

ನಾಲ್ಕು ಗಂಟೆ ಒಂದೇ ಸಮನೆ ಎಂಬ ಹಟವನ್ನೂ ಬಿಡಿ. ಐವತ್ತು ನಿಮಿಷ ಓದಿ, ಪುಸ್ತಕ ಮುಚ್ಚಿ ಪ್ಲೆಕ್ಸಸನ್ನು ಖಾಲಿ ಹಾಳೆಯಲ್ಲಿ ಬರೆಯಿರಿ. ಬರೆಯಲು ಬರದಿದ್ದರೆ ಆ ಐವತ್ತು ನಿಮಿಷ ಕಣ್ಣು ಮಾತ್ರ ಓದಿದೆ ಅಂತ ತಿಳಿಯಿರಿ. ಮಧ್ಯದ ಹತ್ತು ನಿಮಿಷ ನೀರು ಕುಡಿದು ವರಾಂಡದಲ್ಲಿ ನಡೆಯಿರಿ. ಅದರಲ್ಲಿ ರೀಲ್ಸ್ ನೋಡಿದರೆ ಮುಂದಿನ ಐವತ್ತು ನಿಮಿಷದ ಆರಂಭವೆಲ್ಲ ಅದನ್ನು ತಲೆಯಿಂದ ಇಳಿಸುವುದರಲ್ಲೇ ಹೋಗುತ್ತದೆ.

ಗ್ರೂಪಿನ ಭಯಕ್ಕೆ ನಾವು ಕ್ಲಾಸ್ ರೆಪ್ ಹತ್ತಿರ ಹೇಳಿ, ಅಡ್ಮಿನ್ ಮಾತ್ರ ಬರೆಯಬಹುದಾದ ಇನ್ನೊಂದು ಗ್ರೂಪ್ ಮಾಡಿಸಿದೆವು. ಸಮಯ ಬದಲಾವಣೆ, ಪರೀಕ್ಷೆ, ಹಾಜರಿ, ಇಷ್ಟೇ ಅದರಲ್ಲಿ ಬರುವುದು. ಹರಟೆ ಗ್ರೂಪನ್ನು ಮ್ಯೂಟ್ ಮಾಡಿ ಆರ್ಕೈವಿಗೆ ಹಾಕಿದೆ. ಮಲಗುವ ಮೊದಲು ಒಮ್ಮೆ ನೋಟೀಸು ನೋಡಿದರೆ ಸಾಕು, ರಾತ್ರಿ ಎಂಟಕ್ಕೆ ಗೊತ್ತಾಗಲೇಬೇಕಾದದ್ದು ಯಾವುದೂ ನನ್ನ ಕಾಲದಲ್ಲಿ ಬರಲಿಲ್ಲ. ಅಮ್ಮನ ಕರೆಗೆ ಊಟದ ಹೊತ್ತನ್ನು ಗೊತ್ತು ಮಾಡಿಕೊಂಡೆ. ಮನೆಯಲ್ಲಿ ಏನಾದರೂ ಆದರೆ ಎಂಬ ಚಿಂತೆಗೆ ವಾರ್ಡನ್ ನಂಬರ್ ಅಪ್ಪನಿಗೆ ಕೊಟ್ಟೆ. ಫೋನ್ ಹತ್ತಿರವೇ ಇರಬೇಕಾದ ದಿನ Do Not Disturb ಹಾಕಿ ಮನೆಯ ನಂಬರುಗಳಿಗೆ ಮಾತ್ರ ಅನುಮತಿ ಕೊಡಿ.

ವಿಡಿಯೋ ಕ್ಲಾಸ್ ಬೇಕೇ ಬೇಕಾದರೆ ಹಗಲಲ್ಲೇ ಡೌನ್‌ಲೋಡ್ ಮಾಡಿಟ್ಟು ಏರೋಪ್ಲೇನ್ ಮೋಡಿನಲ್ಲಿ ನೋಡಿ, ಆದರೆ ಅದನ್ನು ಓದಿನ ಐವತ್ತು ನಿಮಿಷದೊಳಗೆ ಸೇರಿಸಬೇಡಿ. ಇದೆಲ್ಲ ಮೊದಲ ವರ್ಷಕ್ಕೆ ಹೇಳಿದ್ದು. ಇಂಟರ್ನ್‌ಶಿಪ್‌ಗೆ ಬಂದ ಮೇಲೆ ಕಪಾಟಿನಲ್ಲಿಡುವ ಉಪಾಯ ನಡೆಯುವುದಿಲ್ಲ, ಡ್ಯೂಟಿಯಲ್ಲಿ ವಾರ್ಡಿನಿಂದ ಕರೆ ಬರುವುದು ಅದೇ ಫೋನಿಗೆ. ಆಗ ನಾನು ಡ್ಯೂಟಿ ಇಲ್ಲದ ದಿನಗಳಲ್ಲಿ ಮಾತ್ರ ಓದಿನ ಹೊತ್ತು ಇಟ್ಟುಕೊಂಡೆ, ಡ್ಯೂಟಿಯ ರಾತ್ರಿಗಳಲ್ಲಿ ಪುಸ್ತಕವನ್ನು ತೆರೆಯಲೇ ಇಲ್ಲ.