ಕಾಗೆಯ ಬದಲು ಒಂದು ಲೋಟ ನೀರು

“ನನ್ನ ಮಗಳಿಗೆ ಹತ್ತು ವರ್ಷ. ಎದೆಯ ಒಂದು ಕಡೆ ಗಂಟಾಗಿದೆ, ಮುಟ್ಟಿದರೆ ನೋವು ಎಂದು ಅಳುತ್ತಾಳೆ. ಮೊನ್ನೆ ನನ್ನ ಪ್ಯಾಡ್ ನೋಡಿ ಏನಿದು ಎಂದು ಕೇಳಿದಾಗ, ಅತ್ತೆಯವರು ‘ನಿಮ್ಮಮ್ಮನನ್ನು ಕಾಗೆ ಮುಟ್ಟಿದೆ’ ಎಂದು ಮಾತು ಮರೆಸಿದರು. ಹೆದರಿಸದೆ ಹೇಗೆ ಹೇಳಲಿ?”
— ಓದುಗರೊಬ್ಬರು, ಹಾಸನ

ಸಹೋದರಿ,

ಮಾತನ್ನು ಮುಟ್ಟಿನಿಂದಲ್ಲ, ಆ ಗಂಟಿನಿಂದಲೇ ಆರಂಭಿಸಿ. ಸದ್ಯಕ್ಕೆ ಅವಳನ್ನು ಕಾಡುತ್ತಿರುವುದು ಅದೇ. ಹೆಣ್ಣುಮಕ್ಕಳ ಮೈಯಲ್ಲಿ ಈ ಬದಲಾವಣೆ ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ ಶುರುವಾಗುತ್ತದೆ, ಬಹುತೇಕರಲ್ಲಿ ಅದರ ಮೊದಲ ಗುರುತೆಂದರೆ ಮೊಲೆತೊಟ್ಟಿನ ಹಿಂದೆ ಗುಂಡಿಯಷ್ಟು ಗಾತ್ರದಲ್ಲಿ ಕೈಗೆ ಸಿಗುವ ಗಟ್ಟಿ ಭಾಗ. ಅದು ಒಂದು ಕಡೆ ಮೊದಲು ಬಂದು, ಇನ್ನೊಂದು ಕಡೆ ಕೆಲವು ತಿಂಗಳು ತಡವಾಗಿ ಬರುವುದುಂಟು. “ಇದು ಕಾಯಿಲೆಯಲ್ಲ, ನಿನ್ನ ಎದೆ ಬೆಳೆಯಲು ತೊಡಗಿದೆ, ನನಗೂ ಹೀಗೇ ಆಗಿತ್ತು” ಎಂಬಷ್ಟು ಹೇಳಿ, ಒಳಗೆ ಹಾಕಿಕೊಳ್ಳಲು ಮೆತ್ತನೆಯ ಹತ್ತಿ ಬನಿಯನ್ನು ಕೊಡಿ. ಹಿಸುಕಿ ಹಿಸುಕಿ ನೋಡಬೇಡ ಎನ್ನಿ. ಮಕ್ಕಳು ದಿನಕ್ಕೆ ಹತ್ತು ಸಲ ಹಾಗೆ ಮಾಡಿ ನೋವನ್ನು ಹೆಚ್ಚಿಸಿಕೊಳ್ಳುತ್ತಾರೆ.

ಈ ಗುರುತು ಕಾಣಿಸಿದ ಮೇಲೆ ಮೊದಲ ಮುಟ್ಟು ಬರಲು ಸಾಮಾನ್ಯವಾಗಿ ಎರಡರಿಂದ ಎರಡೂವರೆ ವರ್ಷ ಹಿಡಿಯುತ್ತದೆ, ಕೆಲವರಿಗೆ ಬೇಗ ಬರುವುದೂ ಉಂಟು. ಆದ್ದರಿಂದ ಎಲ್ಲವನ್ನೂ ಒಂದೇ ಸಂಜೆ ಹೇಳಿ ಮುಗಿಸುವ ಅವಸರ ನಿಮಗಿಲ್ಲ. ಈ ನಡುವೆ ಅವಳು ಸರಸರನೆ ಎತ್ತರವಾಗುತ್ತಾಳೆ, ಕಂಕುಳಲ್ಲಿ ಮತ್ತು ಕೆಳಗೆ ಕೂದಲು ಬರುತ್ತದೆ, ಮುಟ್ಟಿಗೆ ಆರು ತಿಂಗಳಿಂದ ಒಂದು ವರ್ಷ ಮೊದಲೇ ಚಡ್ಡಿಯಲ್ಲಿ ಬಿಳಿಯ ಇಲ್ಲವೇ ತಿಳಿಹಳದಿ ಬಣ್ಣದ ಕಲೆ ಕಾಣಿಸತೊಡಗುತ್ತದೆ. ಈ ಕಲೆಯ ವಿಷಯವನ್ನು ಮಾತ್ರ ಮುಂಚೆಯೇ ಹೇಳಿಬಿಡಿ. ಇಲ್ಲವಾದರೆ ತನಗೇನೋ ರೋಗವೆಂದು ಅವಳು ಬಟ್ಟೆಯನ್ನು ಬಚ್ಚಿಡುತ್ತಾಳೆ.

ಇನ್ನು ಆ ಕಾಗೆ. ನಾವೆಲ್ಲ ಆ ಮಾತನ್ನು ಕೇಳಿಯೇ ಬೆಳೆದವರು, ನಿಮ್ಮ ಅತ್ತೆಯವರನ್ನು ದೂರುವಂತಿಲ್ಲ. ಆದರೆ ನನ್ನ ಅಕ್ಕನ ಮಗಳು ಆರು ವರ್ಷದವಳಿದ್ದಾಗ ಅದನ್ನು ಅಕ್ಷರಶಃ ನಂಬಿ, ತಿಂಗಳುಗಟ್ಟಲೆ ತಲೆಯ ಮೇಲೆ ಕೈಯಿಟ್ಟುಕೊಂಡೇ ಅಂಗಳ ದಾಟುತ್ತಿದ್ದಳು. ಹತ್ತು ವರ್ಷದವಳಿಗೆ ನಿಜವೇ ಸುಲಭ: “ನಿನ್ನ ಹೊಕ್ಕುಳಿನ ಕೆಳಗೆ, ಒಳಗಡೆ, ಗರ್ಭಕೋಶವೆಂಬ ಪುಟ್ಟ ಚೀಲವಿದೆ. ಮುಂದೆ ಎಂದಾದರೂ ಮಗು ಬೆಳೆಯಬೇಕಾದರೆ ಅದು ಅಲ್ಲಿಯೇ ಬೆಳೆಯುವುದು. ದೊಡ್ಡವಳಾದ ಮೇಲೆ ಆ ಚೀಲ ಪ್ರತಿ ತಿಂಗಳೂ ಒಳಗೆ ಮೆತ್ತನೆಯ ಹಾಸಿಗೆ ಹಾಸಿಕೊಳ್ಳುತ್ತದೆ. ಮಗು ಇಲ್ಲದಿದ್ದರೆ ಹಾಸಿಗೆ ಬೇಡವಾಗಿ, ಸ್ವಲ್ಪ ರಕ್ತದ ಜೊತೆ ಕರಗಿ ಹೊರಗೆ ಬರುತ್ತದೆ. ಇದೇ ಮುಟ್ಟು. ಎಲ್ಲಿಯೂ ಗಾಯವಾಗಿರುವುದಿಲ್ಲ.” ರಕ್ತ ಬರುವುದು ಮೂತ್ರ ಬರುವ ಜಾಗದಿಂದಲ್ಲ, ಅದರ ಹಿಂದಿರುವ ಯೋನಿಯಿಂದ ಎಂಬುದನ್ನೂ ಹೆಸರಿಟ್ಟೇ ಹೇಳಿ.

ಮಕ್ಕಳು ಬಾಯಿಬಿಟ್ಟು ಕೇಳದಿದ್ದರೂ ಒಳಗೊಳಗೇ ಹೆದರುವುದು ಮೈಯ ರಕ್ತವೆಲ್ಲ ಹೋಗಿಬಿಟ್ಟರೆ ಏನು ಗತಿ ಎಂದು. ಇದಕ್ಕೆ ಮಾತಿಗಿಂತ ಲೋಟ ಮೇಲು. ಲೋಟದಲ್ಲಿ ನೀರಿಗೆ ಚಿಟಿಕೆ ಕುಂಕುಮ ಕದಡಿ, ಟೀ ಚಮಚದಲ್ಲಿ ಏಳೆಂಟು ಚಮಚ ಅಳೆದು ಬಟ್ಟಲಿಗೆ ಹಾಕಿ ತೋರಿಸಿ. ಒಂದು ಮುಟ್ಟಿನ ಅಷ್ಟೂ ದಿನಗಳಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ ಇಷ್ಟೇ, ಸುಮಾರು 30ರಿಂದ 40 ಮಿಲಿಲೀಟರ್. ಅದರಲ್ಲೇ ಎರಡು ಚಮಚವನ್ನು ಅವಳ ಕೈಯಿಂದಲೇ ಪ್ಯಾಡಿನ ಮೇಲೆ ಸುರಿಸಿ. ಹೀರಿಕೊಳ್ಳುವುದನ್ನು ಅವಳೇ ಕಾಣಲಿ. ಆಮೇಲೆ ಹೊಸದೊಂದನ್ನು ಅವಳ ಚಡ್ಡಿಗೆ ಅವಳೇ ಅಂಟಿಸಲಿ. ಅಂಟಿನ ಬದಿ ಬಟ್ಟೆಯ ಕಡೆಗೆ ಎಂಬುದೂ ಮೊದಲ ಸಲ ಗೊತ್ತಿರುವುದಿಲ್ಲ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು, ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಬೇಕು, ಶೌಚದ ಗುಂಡಿಗಲ್ಲ ಎಂಬುದನ್ನೂ ಆಗಲೇ ಸೇರಿಸಿ.

ಮೊದಲ ಸಲ ಕಾಣುವುದು ಎಷ್ಟೋ ಬಾರಿ ಕೆಂಪಲ್ಲ, ಬೆಲ್ಲದ ಪಾಕದಂಥ ಕಂದು ಕಲೆ. ಇದನ್ನು ತಿಳಿಸಿರದಿದ್ದರೆ ಮಗು ಮಲದ ಕಲೆಯೆಂದು ನಾಚಿಕೊಂಡು ಸುಮ್ಮನಿದ್ದುಬಿಡುತ್ತದೆ. ಮುಟ್ಟು ಎರಡರಿಂದ ಏಳು ದಿನ ಇರಬಹುದು. ಮೊದಲ ಒಂದೆರಡು ವರ್ಷ ಲೆಕ್ಕ ತಪ್ಪಿ, ಒಂದು ತಿಂಗಳು ಬಂದು ಮುಂದಿನ ತಿಂಗಳು ಬಾರದೆಯೂ ಇರಬಹುದು. ಕಿಬ್ಬೊಟ್ಟೆಯ ಸಣ್ಣ ನೋವಿಗೆ ಬಿಸಿನೀರಿನ ಚೀಲ ಸಾಕು. ಏಳು ದಿನ ದಾಟಿದರೆ, ಗಂಟೆ ಎರಡು ಗಂಟೆಗೆ ಪ್ಯಾಡ್ ತೊಯ್ದುಹೋಗುತ್ತಿದ್ದರೆ, ಶಾಲೆಗೆ ಹೋಗಲಾಗದಷ್ಟು ನೋವಿದ್ದರೆ ವೈದ್ಯರಿಗೆ ತೋರಿಸಿ. 15 ತುಂಬಿದರೂ ಮುಟ್ಟು ಬಾರದಿದ್ದರೂ ತೋರಿಸಬೇಕು.

ಅತ್ತೆಯವರನ್ನು ಈ ಮಾತಿನಿಂದ ದೂರ ಇಡಬೇಡಿ. ಎಳ್ಳು-ಬೆಲ್ಲದ ಚಿಗಳಿ, ಆರತಿ ಎಂದು ಅವರಿಗೆ ಆಸೆಯಿದ್ದರೆ, ಮೊಮ್ಮಗಳು ಒಪ್ಪಿದರೆ ಮಾತ್ರ ಎಂದು ಈಗಲೇ ತಿಳಿಸಿ. ಚಿಗಳಿಯನ್ನು ಮಾತ್ರ ಅವಳು ಬೇಡವೆನ್ನಲಾರಳು. ಶಾಲೆಯ ಚೀಲದಲ್ಲಿ ಎರಡು ಪ್ಯಾಡ್, ಒಂದು ಚಡ್ಡಿ ಇರುವ ಪುಟ್ಟ ಸಂಚಿಯನ್ನು ಬರುವ ವರ್ಷದಿಂದ ಇಡಿ. ಶಾಲೆಯಲ್ಲಿ ಹಾಗಾದರೆ ಯಾವ ಮಿಸ್ ಹತ್ತಿರ ಹೋಗುತ್ತೀ ಎಂದು ಕೇಳಿ, ಹೆಸರನ್ನು ಅವಳೇ ಆರಿಸಲಿ.

— ಸಂಪಾದಕಿ